ಹೊಲ ನಾಲ್ಕೆಕರೆ, ದುಡಿಯುವವರು ಆರು

ಹತ್ತು ಕೈ ಕೂಡಿದರೆ ಕೆಲಸ ಹಗುರವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಹೊಲ ಅಷ್ಟೇ ಇದ್ದು ಕೈಗಳು ಮಾತ್ರ ಹೆಚ್ಚುತ್ತ ಹೋದರೆ, ರಾಶಿಯೂ ಅದೇ ಅಳತೆಯಲ್ಲಿ ಹೆಚ್ಚುತ್ತದೆಯೇ? ಇಲ್ಲವೆಂಬುದನ್ನು ಫ್ರಾನ್ಸಿನ ಅರ್ಥಚಿಂತಕ ಟರ್ಗೊ 18ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಗುರುತಿಸಿದ್ದನು. 1815ರಲ್ಲಿ ಇಂಗ್ಲೆಂಡಿನ ಮಾಲ್ಥಸ್, ವೆಸ್ಟ್ ಮತ್ತು ರಿಕಾರ್ಡೊ ಅದನ್ನು ಧಾನ್ಯದ ಬೆಲೆ ಹಾಗೂ ಭೂಮಿಯ ಗೇಣಿಗೆ ಅನ್ವಯಿಸಿ ವಿವರಿಸಿದರು. ನಮ್ಮ ಪಠ್ಯಪುಸ್ತಕಗಳು ಇದನ್ನು ‘ಇಳಿಮುಖ ಪ್ರತಿಫಲ ನಿಯಮ’ವೆಂದು ಕರೆಯುತ್ತವೆ. ಹೆಸರು ಕಠಿಣವೆನಿಸಿದರೂ ಇದರ ಲೆಕ್ಕ ಒಕ್ಕಲುತನದ ಪ್ರತಿಯೊಂದು ಮನೆಯೊಳಗೂ ಇದೆ. ಅನೇಕ ಮನೆಗಳಲ್ಲಿ ಅದು ಮರೆಯಾಗಿ ಕುಳಿತಿದೆ.

ಕಣದ ಲೆಕ್ಕ

ಉತ್ತರ ಕರ್ನಾಟಕದ ನಾಲ್ಕು ಎಕರೆ ಎರೆಹೊಲವೊಂದನ್ನು ಉದಾಹರಣೆಗೆ ಎತ್ತಿಕೊಳ್ಳೋಣ. ಬೆಳೆ ಹಿಂಗಾರಿ ಜೋಳ. ಒಂದು ಜೋಡಿ ಎತ್ತು, ಒಂದು ಕೂರಿಗೆ, ಒಂದು ಎಡೆಕುಂಟೆ. ಇವು ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಬದಲಾಗುವುದು ಹಂಗಾಮಿನುದ್ದಕ್ಕೂ ದುಡಿಯುವವರ ಸಂಖ್ಯೆ ಮಾತ್ರ. ಮುಂದಿನ ಅಂಕಿಗಳನ್ನು ತಿಳಿವಳಿಕೆಗಾಗಿ ನಾವೇ ಇಟ್ಟುಕೊಂಡಿದ್ದೇವೆ.

ಒಬ್ಬನೇ ದುಡಿದರೆ 6 ಕ್ವಿಂಟಲ್ ಜೋಳ ಬರುತ್ತದೆ ಎನ್ನೋಣ. ಎತ್ತು ಹೊಡೆಯುವವನೂ ಅವನೇ, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವನೂ ಅವನೇ ಆದರೆ ಬಿತ್ತನೆ ತಡವಾಗುತ್ತದೆ, ಹದ ತಪ್ಪುತ್ತದೆ. ಎರಡನೆಯವರು ಸೇರಿದೊಡನೆ ಒಬ್ಬರು ಎತ್ತು ಹೊಡೆದು ಇನ್ನೊಬ್ಬರು ಬೀಜ ಬಿಡುತ್ತಾರೆ. ರಾಶಿ 14 ಕ್ವಿಂಟಲಿಗೆ ಏರುತ್ತದೆ. ಮೊದಲನೆಯವನಿಂದ 6 ಬಂದರೆ ಎರಡನೆಯವನಿಂದ 8 ಹೆಚ್ಚಾಯಿತು. ಆರಂಭದಲ್ಲಿ ಪ್ರತಿಫಲ ಹೀಗೆ ಏರುವುದೂ ಉಂಟು.

ಮೂರನೆಯವರು ಕಳೆಗೆ ನಿಲ್ಲುತ್ತಾರೆ. ಒಟ್ಟು 21 ಆಗುತ್ತದೆ, ಹೆಚ್ಚಳ 7. ನಾಲ್ಕನೆಯವರಿಂದ 26, ಹೆಚ್ಚಳ 5. ಐದನೆಯವರಿಂದ 29, ಹೆಚ್ಚಳ 3. ಆರನೆಯವರಿಂದ 30, ಹೆಚ್ಚಳ ಕೇವಲ 1. ಏಳನೆಯವರು ಬಂದರೂ 30 ಮೂವತ್ತೇ. ಎಂಟನೆಯವರು ಬಂದರೆ ಕಾಲ್ತುಳಿತ ಹೆಚ್ಚಿ 29ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಒಬ್ಬರು ಹೆಚ್ಚಾದುದರಿಂದ ಒಟ್ಟು ರಾಶಿಗೆ ಕೂಡುವ ಈ ಪಾಲಿಗೆ ‘ಸೀಮಾಂತ ಉತ್ಪನ್ನ’ವೆಂದು ಹೆಸರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಆರನೆಯವನು ಸೋಮಾರಿ ಎಂದು ಇದರ ಅರ್ಥವಲ್ಲ. ಆರು ಜನರೂ ಸಮಾನವಾಗಿ ಬಲ್ಲವರು, ಸಮಾನವಾಗಿ ಬೆವರು ಸುರಿಸುವವರು ಎಂದೇ ನಮ್ಮ ಲೆಕ್ಕ. ಹಿರಿಯನು ಕೊನೆಗೆ ಬಂದಿದ್ದರೆ ಅವನಿಂದಲೂ 1 ಕ್ವಿಂಟಲೇ ಹೆಚ್ಚುತ್ತಿತ್ತು. ಕಡಿಮೆಯಾದುದು ಮನುಷ್ಯನ ಯೋಗ್ಯತೆಯಲ್ಲ. ಪ್ರತಿಯೊಬ್ಬನ ಕೈಗೆ ದೊರೆಯುವ ಭೂಮಿ, ಎತ್ತು ಮತ್ತು ತೇವ. ಹಿಂಗಾರಿ ಜೋಳ ಬಹುಮಟ್ಟಿಗೆ ಎರೆಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯತಕ್ಕದ್ದು. ಎಡೆ ಹೊಡೆದರೆ ಬಿರುಕು ಮುಚ್ಚಿ ತೇವ ಉಳಿಯುತ್ತದೆ, ಕಳೆ ತೆಗೆದರೆ ಅದು ಕುಡಿಯುವ ನೀರು ಬೆಳೆಗೆ ಒದಗುತ್ತದೆ. ಆದರೆ ಕಳೆಯೇ ಇಲ್ಲದ ಸಾಲಿನಲ್ಲಿ ಮತ್ತೆ ಕುರ್ಚಿಗೆ ಆಡಿಸಿದರೆ ಹೊಸ ತೇವ ಹುಟ್ಟುವುದಿಲ್ಲ.

ಕೂಲಿ ಕೊಡುವವನ ದೃಷ್ಟಿ, ಕೂಡಿ ಬಾಳುವವರ ದೃಷ್ಟಿ

ಈ ಹೊಲದ ಒಡೆಯನು ಕೂಲಿಯವರಿಂದಲೇ ಬೇಸಾಯ ಮಾಡಿಸುತ್ತಾನೆ, ಹಂಗಾಮಿನ ಕೂಲಿ ಒಬ್ಬರಿಗೆ 4 ಕ್ವಿಂಟಲ್ ಜೋಳದ ಬೆಲೆಯಷ್ಟು ಎಂದುಕೊಳ್ಳೋಣ. ನಾಲ್ಕನೆಯ ಆಳು 5 ಕೂಡಿಸಿ 4 ಒಯ್ಯುತ್ತಾನೆ. ಅವನನ್ನು ಕರೆಯುವುದು ಲಾಭ. ಐದನೆಯವನು 3 ಕೂಡಿಸಿ 4 ಒಯ್ಯುತ್ತಾನೆ. ಒಡೆಯನು ನಾಲ್ವರಿಗೇ ನಿಲ್ಲಿಸುತ್ತಾನೆ.

ಅದೇ ಹೊಲ ಆರು ಜನ ಅಣ್ಣತಮ್ಮಂದಿರದಾಗಿದ್ದರೆ ಲೆಕ್ಕದ ದಾರಿಯೇ ಬೇರೆ. ಅಲ್ಲಿ ಕೂಲಿಯ ಮಾತಿಲ್ಲ. 30 ಕ್ವಿಂಟಲನ್ನು ಆರು ಪಾಲಿಗೆ ಹಂಚಿದರೆ ತಲೆಗೆ 5. ಹೊರಗೆ ದುಡಿದರೆ 4, ಮನೆಯಲ್ಲಿ ಉಳಿದರೆ 5. ಆದುದರಿಂದ ಯಾವನೂ ಹೊರಡುವುದಿಲ್ಲ. ತಮ್ಮ ತಮ್ಮ ದೃಷ್ಟಿಯಲ್ಲಿ ಅವರು ಸರಿಯಾಗಿಯೇ ಎಣಿಸಿದ್ದಾರೆ. ಮನೆಯ ದೃಷ್ಟಿಯಲ್ಲಿ ಮಾತ್ರ ನಷ್ಟವಿದೆ. ಒಬ್ಬನು ಹೊರಗೆ ದುಡಿದು ಗಳಿಕೆಯನ್ನು ಮನೆಗೆ ತಂದರೆ ಹೊಲದ 29, ಹೊರಗಿನ 4, ಒಟ್ಟು 33. ಇಬ್ಬರು ಹೋದರೆ 26 ಮತ್ತು 8, ಒಟ್ಟು 34. ಮೂವರು ಹೋದರೆ 21 ಮತ್ತು 12, ಮರಳಿ 33. ನಾಲ್ವರು ಹೊಲದಲ್ಲಿ, ಇಬ್ಬರು ಹೊರಗೆ ಇದ್ದಾಗಲೇ ಆರೂ ಜನರ ತಟ್ಟೆ ಹೆಚ್ಚು ತುಂಬುತ್ತದೆ. ತಲೆಗೆ 5 ಎಂಬ ಸರಾಸರಿಯು ಕೊನೆಯವನು ಕೂಡಿಸಿದ 1ನ್ನು ಮುಚ್ಚಿಟ್ಟಿತ್ತು. ಎಲ್ಲರೂ ಹೊಲದಲ್ಲಿ ಕಾಣಿಸುವುದರಿಂದ ಯಾರೂ ನಿರುದ್ಯೋಗಿಯಂತೆ ತೋರುವುದಿಲ್ಲ. ಇದನ್ನೇ ‘ಮರೆಮಾಚಿದ ನಿರುದ್ಯೋಗ’ವೆನ್ನುತ್ತಾರೆ.

ಈ ಲಾಭಕ್ಕೆ ಒಂದು ಕಟ್ಟು ಇದೆ. ಹೊರಗೆ ಹೋದವರ ಗಳಿಕೆ ಮನೆಗೆ ಬರಬೇಕು, ಹೋದವರ ಪಾಲು ಹೊಲದಲ್ಲಿ ಉಳಿದಿರಬೇಕು. ಹೊರಟವನು ತನ್ನ ಹಕ್ಕು ಕಳೆದುಕೊಳ್ಳುವ ಭಯವಿದ್ದರೆ ಅವನು ಕದಲುವುದಿಲ್ಲ. ಅನೇಕ ಮನೆಗಳಲ್ಲಿ ಆರನೆಯವನನ್ನು ಹಿಡಿದಿಟ್ಟಿರುವುದು ಹೊಲದ ಕೆಲಸವಲ್ಲ, ಈ ಭಯವೇ.

ವಿದ್ವಾಂಸರ ವಾದ

1954ರಲ್ಲಿ ಆರ್ಥರ್ ಲೂಯಿಸ್ ಅವರು, ಜನದಟ್ಟಣೆಯ ಬಡ ದೇಶಗಳ ಬೇಸಾಯದಲ್ಲಿ ಕೊನೆಯ ಆಳಿನ ಹೆಚ್ಚಳ ಅತ್ಯಲ್ಪ ಅಥವಾ ಸೊನ್ನೆ ಎಂದು ಭಾವಿಸಿ, ಅಂತಹವರನ್ನು ಕೈಗಾರಿಕೆಗೆ ಸೆಳೆಯಬಹುದೆಂದರು. 1964ರಲ್ಲಿ ಥಿಯೊಡೋರ್ ಶುಲ್ಟ್ಜ್ ಇದನ್ನು ಒಪ್ಪಲಿಲ್ಲ. 1918-19ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಭಾರತದ ದುಡಿಯುವ ಜನ ಅಪಾರವಾಗಿ ಸತ್ತಾಗ ಬಿತ್ತನೆಯ ಕ್ಷೇತ್ರವೂ ಕುಗ್ಗಿತು. ಆ ಕೈಗಳು ನಿಜಕ್ಕೂ ಹೆಚ್ಚುವರಿಯಾಗಿದ್ದರೆ ಹೀಗಾಗುತ್ತಿತ್ತೇ ಎಂಬುದು ಅವರ ಪ್ರಶ್ನೆ. ಅಮರ್ತ್ಯ ಸೇನ್ ಈ ಲೆಕ್ಕವನ್ನು ಪ್ರಶ್ನಿಸಿದರು. ಪಿಡುಗು ಹೆಚ್ಚುವರಿ ಆಳನ್ನೇ ಆರಿಸಿ ಒಯ್ಯುವುದಿಲ್ಲವೆಂಬುದನ್ನು ನಾವೂ ನೆನೆಯಬೇಕು. ಸೇನರು 1966ರಲ್ಲಿ ತೋರಿಸಿಕೊಟ್ಟ ಇನ್ನೊಂದು ಸೂಕ್ಷ್ಮವೆಂದರೆ, ಆಳು ಬೇರೆ, ದುಡಿಮೆಯ ತಾಸು ಬೇರೆ. ಒಬ್ಬನು ಹೋದಾಗ ಉಳಿದವರು ತಾಸುಹೊತ್ತು ಹೆಚ್ಚು ದುಡಿದರೆ ಒಟ್ಟು ಬೆಳೆ ತಗ್ಗದೆಯೂ ಇರಬಹುದು. ಲೂಯಿಸ್ ಮತ್ತು ಶುಲ್ಟ್ಜ್ ಇಬ್ಬರೂ 1979ರ ನೊಬೆಲ್ ಪ್ರಶಸ್ತಿಯನ್ನು ಜೊತೆಯಾಗಿಯೇ ಪಡೆದರು.

ಗುರುತಿಸುವುದು ಹೇಗೆ?

ಇದನ್ನು ಸುಗ್ಗಿಯ ವಾರದಲ್ಲಿ ಅಳೆಯಲಾಗದು. ಜೋಳ ಕೀಳುವಾಗ, ತೆನೆ ಮುರಿಯುವಾಗ ಆರು ಜನರೂ ಸಾಲದಾಗಬಹುದು. ಅಂತಹ ದಿನಗಳ ಅಭಾವವು ವರ್ಷವಿಡೀ ಆರು ಜನರನ್ನು ಹೊಲಕ್ಕೆ ಕಟ್ಟಿಹಾಕಲು ಕಾರಣವಾಗಬೇಕಿಲ್ಲ. ಮುಯ್ಯಾಳುಗಳಿಂದಲೋ ನಾಲ್ಕು ದಿನದ ಕೂಲಿಯಿಂದಲೋ ಅದು ನೀಗುತ್ತದೆ. ಒಬ್ಬರು ಇಡೀ ಹಂಗಾಮು ಹೊರಗಿದ್ದ ವರ್ಷದ ರಾಶಿಯನ್ನು ಅಷ್ಟೇ ಮಳೆಯಾದ ಇನ್ನೊಂದು ವರ್ಷದ ರಾಶಿಯೊಡನೆ ಹೋಲಿಸಬೇಕು. ಮಳೆ ಬೇರೆಯಾದರೆ ಹೋಲಿಕೆ ಸುಳ್ಳಾಗುತ್ತದೆ.

ಬಾವಿ ತೋಡಿದರೆ, ಎರಡನೆಯ ಬೆಳೆ ಬಂದರೆ, ಹೈನು ಕಟ್ಟಿದರೆ ಈ ಅಂಕಿಗಳೆಲ್ಲ ಬದಲಾಗುತ್ತವೆ. ಆರನೆಯವನು ಆಗ 1ರ ಬದಲು 5 ಕೂಡಿಸಬಹುದು. ಆದರೆ ನಿಯಮ ಅಳಿಯುವುದಿಲ್ಲ. ಎಂಟನೆಯ ಅಥವಾ ಹತ್ತನೆಯವನ ಬಳಿಗೆ ಸರಿದು ನಿಲ್ಲುತ್ತದೆ. ಆದುದರಿಂದ ಹಿರಿಯರು ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಯಾರು ದುಡಿಯುತ್ತಿಲ್ಲ?’ ಎಂಬುದಲ್ಲ. ‘ಒಬ್ಬರು ಇಲ್ಲದಿದ್ದರೆ ಕಣದಲ್ಲಿ ಎಷ್ಟು ಕಡಿಮೆಯಾಗುತ್ತದೆ?’ ಎಂಬುದು. ಆ ಉತ್ತರವನ್ನು ಹೊರಗಿನ ಗಳಿಕೆಯೊಡನೆ ತೂಗಿ ನೋಡಿದ ಬಳಿಕವೇ ಯಾರು ಉಳಿಯಬೇಕು, ಯಾರು ಹೊರಡಬೇಕು ಎಂಬ ಮಾತು.