ವ್ಯಾಪಾರ ಬೆಳೆಯಿತು, ಕೈ ಖಾಲಿಯಾಯಿತು!

ಹಡಗಲಿ ತಾಲ್ಲೂಕಿನ ಇಟ್ಟಿಗಿ ನಿಮ್ಮ ತವರು ಎಂದುಕೊಳ್ಳಿ. ಅಲ್ಲಿನ ನಾಲ್ಕಾರು ಹೆಣ್ಣುಮಕ್ಕಳಿಂದ ಖಡಕ್ ರೊಟ್ಟಿ ಮಾಡಿಸಿ, ನಿಮ್ಮೂರಿನ ಅಂಗಡಿಗೆ ಕೊಡುತ್ತಿದ್ದೀರಿ. ರೊಟ್ಟಿ ಚೆನ್ನಾಗಿದೆ, ಇನ್ನೆರಡು ಅಂಗಡಿಯವರೂ ಕೇಳಿದರು. ಖುಷಿಯಿಂದ ಒಪ್ಪಿಕೊಂಡಿರಿ. ಆದರೆ ತಿಂಗಳು ಕಳೆಯುವಷ್ಟರಲ್ಲಿ ಜೋಳ ತರಲೂ ದುಡ್ಡಿಲ್ಲ! ಲಾಭದ ವ್ಯಾಪಾರದಲ್ಲಿ ಹೀಗೇಕೆ? ಬನ್ನಿ, ಲೆಕ್ಕ ಹಾಕೋಣ.

ಜೋಳ, ಬೀಸುವ ಖರ್ಚು, ಉರುವಲು, ಕೂಲಿ, ಬಸ್ ಚಾರ್ಜು ಎಲ್ಲಾ ಸೇರಿ ಒಂದು ರೊಟ್ಟಿಗೆ 7 ರೂಪಾಯಿ ಬೀಳುತ್ತದೆ, ಅಂಗಡಿಗೆ 9ಕ್ಕೆ ಕೊಡುತ್ತೀರಿ ಎನ್ನೋಣ. ಜೋಳದವರಿಗೆ, ಕೂಲಿಯವರಿಗೆ ಅಂದಂದೇ ಕೊಡಬೇಕು. ಅಂಗಡಿಯವರದು ಮಾತ್ರ ಉದ್ರಿ. ‘ತಿಂಗಳಿಗೆ ಕೊಡ್ತೀನಮ್ಮ’ ಅಂದರೂ ಕೈಗೆ ಬರುವಾಗ 40 ದಿನ. ದಿನಕ್ಕೆ 100 ರೊಟ್ಟಿ ಇದ್ದಾಗ ತೊಂದರೆಯಿರಲಿಲ್ಲ. ಹಿಂದಿನ ಬಾಕಿ ದಿನಾ 900 ಬರುತ್ತಿತ್ತು, 700 ಹೋಗುತ್ತಿತ್ತು.

ಈಗ 300 ರೊಟ್ಟಿ. ಖರ್ಚು ಇವತ್ತಿನಿಂದಲೇ 2,100. ಬರುವುದೋ, 40 ದಿನದ ಹಿಂದೆ ಕೊಟ್ಟ 100 ರೊಟ್ಟಿಯ ಅದೇ 900! ದಿನಕ್ಕೆ 1,200 ರೂಪಾಯಿ ಕೊರತೆ. 40 ದಿನಕ್ಕೆ 48,000. ಈ ಗುಂಡಿ ತುಂಬಲು ಬೇಕಾದ ಹಣವೇ ದುಡಿಯುವ ಬಂಡವಾಳ. ಅದು ಕಳೆದುಹೋದ ಹಣವಲ್ಲ, ಅಂಗಡಿಯವರ ಉದ್ರಿ ಪುಸ್ತಕದಲ್ಲಿ ಕೂತಿರುವ ನಿಮ್ಮದೇ ಹಣ.

41ನೇ ದಿನದಿಂದ 2,700 ಬರತೊಡಗುತ್ತದೆ, ದಿನಕ್ಕೆ 600 ಉಳಿಯುತ್ತದೆ. ಆದರೂ ಆ 48,000 ವಾಪಸ್ಸಾಗಲು ಇನ್ನೂ 80 ದಿನ ಬೇಕು. ಅಷ್ಟರೊಳಗೆ ನಾಲ್ಕನೆಯ ಅಂಗಡಿಗೂ ‘ಹ್ಞೂಂ’ ಅಂದಿರೋ, ಗುಂಡಿ ಇನ್ನಷ್ಟು ಆಳವಾಯಿತು. ಮಾರಾಟ ಏರುತ್ತಿದ್ದರೂ ಗ್ಯಾಸಿಗಿಟ್ಟ ದುಡ್ಡು, ಚೀಟಿ ಹಣಕ್ಕೆ ಕೈ ಹಾಕುತ್ತಿದ್ದೀರಾದರೆ ಇದೇ ಆಗುತ್ತಿದೆ ಎಂದು ತಿಳಿಯಿರಿ. (ಇಂಥ ಹೊತ್ತಿನಲ್ಲೇ ಮನೆಯವರು ‘ರೊಟ್ಟಿ ಮೆಷಿನ್ ತಗೋ’ ಅನ್ನುವುದು! ಇರುವ ಹಣವೂ ಮೆಷಿನ್ನಿನೊಳಗೆ ಹೋದರೆ ಜೋಳಕ್ಕೇನು ಮಾಡುತ್ತೀರಿ?)

ದರ ಏರಿಸುವ ಮೊದಲು ದಿನ ಇಳಿಸಿ. ಹೊಸ ಅಂಗಡಿಯವರು 20 ದಿನಕ್ಕೆ ಕೊಟ್ಟರೂ ಸಾಕು, ಕೊರತೆ 24,000ಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಾಗಿ ರೊಟ್ಟಿಗೆ ನಾಲ್ಕಾಣೆ ಬಿಟ್ಟುಕೊಟ್ಟರೂ ನಷ್ಟವೇನಿಲ್ಲ. ಅಥವಾ ಒಂದು ಅಂಗಡಿ ಈಗ, ಇನ್ನೊಂದು ಮೊದಲಿನ ಹಣ ಬಂದ ಮೇಲೆ ಎನ್ನಿ. ಆಗಲೂ ಸಾಲದಿದ್ದರೆ ಬ್ಯಾಂಕಿಗೆ ಹೋಗಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ‘ಶಿಶು’ ಸಾಲ 50,000 ರೂಪಾಯಿವರೆಗೆ, ಅಡಮಾನವಿಲ್ಲದೆ ಸಿಗುತ್ತದೆ. ಆದರೆ ಕೊರತೆ ಶುರುವಾದ 30ನೇ ದಿನ ಓಡಬೇಡಿ. ಹೊಸ ಅಂಗಡಿಗೆ ಮಾತು ಕೊಡುವ ಮುಂಚೆಯೇ ಈ ಲೆಕ್ಕದ ಹಾಳೆ ಹಿಡಿದು ಮ್ಯಾನೇಜರ್ ಮುಂದೆ ಕೂತುಕೊಳ್ಳಿ.