ಹತ್ತಿರದ ದಾರಿ ಬಿಟ್ಟು ಸುತ್ತು ದಾರಿ ಯಾಕೆ?

ಇವತ್ತಿನ ಕಥೆ ಜರ್ಮನಿಯದ್ದು. 2024ರ ಮೇ ತಿಂಗಳಲ್ಲಿ ಕಲೋನ್ ನಗರದ ನ್ಯಾಯಾಲಯ, ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಡಾಯ್ಚ ಟೆಲಿಕಾಮ್‌ಗೆ ಸುಮಾರು 2 ಕೋಟಿ ಯೂರೋ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಎರಡು ಜಾಲಗಳ ನಡುವಿನ ನೇರ ಸಂಪರ್ಕದ ಶುಲ್ಕದ ಜಗಳ ಅದು. ಸೆಪ್ಟೆಂಬರ್‌ನಲ್ಲಿ ಮೆಟಾ ಆ ನೇರ ಸಂಪರ್ಕವನ್ನೇ ನಿಲ್ಲಿಸಿ, ಮೂರನೆಯ ಕಂಪನಿಯ ಜಾಲದ ಮೂಲಕ ಡೇಟಾ ಕಳಿಸುವುದಾಗಿ ಪ್ರಕಟಿಸಿತು.

ಇಂಥ ಜಾಲ ಒಂದೊಂದಕ್ಕೂ ಸ್ವಾಯತ್ತ ವ್ಯವಸ್ಥೆ ಅಂತ ಹೆಸರು, ಒಂದು ಸಂಖ್ಯೆ ಕೂಡ ಉಂಟು. ಟೆಲಿಕಾಮ್‌ನದ್ದು 3320. ಟೆಲಿಕಾಮ್ ತನ್ನ ಜಾಲದ ಒಳಗೆ ಪ್ರತಿಯೊಂದು ಕೊಂಡಿಗೂ ಒಂದು ಬೆಲೆ ಕಟ್ಟಿ, ಒಟ್ಟು ಬೆಲೆ ಕಡಿಮೆ ಇರುವ ದಾರಿ ಹುಡುಕಬಹುದು. ಯಾಕಂದ್ರೆ ಎಲ್ಲ ಕೊಂಡಿಗಳೂ ಅದರದ್ದೇ. ಆದರೆ ಮೆಟಾಗೆ ಆ ನಕ್ಷೆಯನ್ನು ಅದು ತೋರಿಸೋದಿಲ್ಲ. ಇಬ್ಬರ ಬೆಲೆಗಳಿಗೂ ಒಂದೇ ಅಳತೆಗೋಲು ಇಲ್ಲ. ಅದಕ್ಕೇ ಜಾಲಗಳ ನಡುವೆ ಬೇರೆಯದೇ ಪ್ರೋಟೋಕಾಲ್ ಬೇಕು. ಅದೇ ಬಿಜಿಪಿ. ಇದು ಒಳಗಿನ ನಕ್ಷೆ ಕೇಳುವುದಿಲ್ಲ. "ಈ ವಿಳಾಸಗಳಿಗೆ ಹೋಗಲು ಇಷ್ಟು ಜಾಲ ದಾಟಬೇಕು" ಅನ್ನೋ ಪಟ್ಟಿಯನ್ನಷ್ಟೇ ಹೇಳುತ್ತದೆ. ಆ ಪಟ್ಟಿಯಲ್ಲಿ ತನ್ನದೇ ಸಂಖ್ಯೆ ಕಂಡರೆ ಜಾಲವು ಆ ದಾರಿಯನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಸುತ್ತಿಸುತ್ತಿ ಅಲ್ಲಿಗೇ ಬರುವ ಅಪಾಯ ಇಲ್ಲ.

ವಿಡಿಯೊಗಳು ಮೆಟಾದಿಂದ ಟೆಲಿಕಾಮ್ ಗ್ರಾಹಕರ ಕಡೆಗೆ ಹೋಗ್ತವೆ. ಹಾಗಾಗಿ ಆಯ್ಕೆ ಮಾಡೋದು ಮೆಟಾದ ರೂಟರ್. ನೇರ ಸಂಪರ್ಕ ಇದ್ದಾಗ ಅದಕ್ಕೆ ಎರಡು ದಾರಿ ಕಾಣುತ್ತಿತ್ತು ಅಂತ ಇಟ್ಟುಕೊಳ್ಳೋಣ. 64500 ಅನ್ನೋದು ಮೂರನೆಯ ಕಂಪನಿಗೆ ನಾವು ಉದಾಹರಣೆಗಾಗಿ ಕೊಟ್ಟ ಸಂಖ್ಯೆ:

```
AS_PATH       LOCAL_PREF
3320          100
64500 3320    100
```

ರೂಟರ್ ಮೊದಲು ನೋಡೋದು ಬಲಗಡೆಯ ಅಂಕಣವನ್ನು. ಇದು ಜಾಲದ ಎಂಜಿನಿಯರ್‌ಗಳು ತಾವೇ ಬರೆದಿಟ್ಟ ಒಲವು, ಹೆಚ್ಚಿದ್ದದ್ದೇ ಗೆಲ್ಲುತ್ತದೆ. ಇಲ್ಲಿ ಎರಡೂ ಸಮ. ಆಮೇಲೆ ಪಟ್ಟಿಯ ಉದ್ದ: ಚಿಕ್ಕದು ಗೆಲ್ಲುತ್ತದೆ, ಅಂದರೆ ನೇರ ದಾರಿ. ಎರಡನೆಯದಕ್ಕೆ 200 ಅಂತ ಬರೆದರೆ? ಉದ್ದ ಲೆಕ್ಕಕ್ಕೇ ಬರುವುದಿಲ್ಲ, ಸುತ್ತು ದಾರಿಯೇ ಆಯ್ಕೆಯಾಗುತ್ತದೆ. ಒಪ್ಪಂದ ಮತ್ತು ಹಣ ಈ ಪ್ರೋಟೋಕಾಲ್‌ನೊಳಗೆ ಬರೋದು ಇಲ್ಲೇ. ನೇರ ಸಂಪರ್ಕವನ್ನೇ ಕಿತ್ತರೆ ಮೊದಲ ಸಾಲು ಮಾಯವಾಗಿ ಎರಡನೆಯದು ಉಳಿಯುತ್ತದೆ. ವಿಳಾಸಗಳು ಆಗಲೂ ಸಿಗುತ್ತವೆ, ಯಾವುದೂ ಮುರಿದು ಬೀಳುವುದಿಲ್ಲ.

ಆದರೆ ಗಮನಿಸಿ, ಆ ಪಟ್ಟಿಯಲ್ಲಿ ವೇಗ ಎಲ್ಲೂ ಇಲ್ಲ. ಸಂಜೆ ಹೊತ್ತು ಕೊಂಡಿ ತುಂಬಿ ತುಳುಕಿದರೂ ಬಿಜಿಪಿಗೆ ಅದು ಗೊತ್ತಾಗೋದಿಲ್ಲ. ಬೆಳಗ್ಗೆ ಸರಾಗವಾಗಿ ಓಡಿದ ವಿಡಿಯೊ ರಾತ್ರಿ 8ಕ್ಕೆ ಒಂದೇ ಕಂಪನಿಯದ್ದು ಮಾತ್ರ ತಡೆತಡೆದು ಬಂದರೆ, ಎರಡು ಜಾಲ ಸೇರುವ ಜಾಗದ ಮೇಲೆ ಅನುಮಾನ ಪಡಬಹುದು. `traceroute` ಕೊಟ್ಟು ನೋಡಬಹುದು. ಆದರೆ ಅದು ತೋರಿಸೋದು ನಿಮ್ಮಿಂದ ಹೊರಟ ದಾರಿ. ವಿಡಿಯೊ ನಿಮ್ಮ ಕಡೆಗೆ ಬರುವ ದಾರಿಯನ್ನು ಆರಿಸಿದ್ದು ಆಚೆ ಕಡೆಯವರು. ಅದು ಬೇರೆಯೇ ಇರಬಹುದು.