ಲೇತ್ ಗಂಟೆಗೆ ಎಷ್ಟು ದುಡಿಯಬೇಕು?

ಪೀಣ್ಯದ ಸಣ್ಣ ವರ್ಕ್‌ಶಾಪೊಂದಕ್ಕೆ 50 ಪಿನ್ನುಗಳ ಡ್ರಾಯಿಂಗ್ ಬಂತು ಎನ್ನಿ. ಪೀಸಿಗೆ ಎಷ್ಟು ಎಂದು ಗಿರಾಕಿ ಕೇಳಿದರೆ, ಅನೇಕ ಮಾಲೀಕರು ಪಕ್ಕದ ಶೆಡ್ಡಿನವರು ಹೇಳುವ ದರಕ್ಕಿಂತ ಐದು ರೂಪಾಯಿ ಕಡಿಮೆ ಹೇಳುತ್ತಾರೆ. ಹಾಗೆ ಹೇಳಿದ ದರದಲ್ಲಿ ಲಾಭವಿದೆಯೋ ನಷ್ಟವಿದೆಯೋ ತಿಳಿಯಬೇಕಾದರೆ, ಲೇತ್ ಒಂದು ಗಂಟೆ ಓಡಲು ತಗಲುವ ಖರ್ಚು ಮೊದಲು ಗೊತ್ತಿರಬೇಕು. ಇದಕ್ಕೆ ಮಷಿನ್ ಅವರ್ ರೇಟ್ ಎನ್ನುತ್ತಾರೆ.

ಲೆಕ್ಕ ಶುರುವಾಗುವುದು ಗಂಟೆಗಳಿಂದ. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ಎಂದರೆ 2,400 ಗಂಟೆ. ಆದರೆ ಕರೆಂಟ್ ಹೋಗುತ್ತದೆ, ರಿಪೇರಿ ಬರುತ್ತದೆ, ಕೆಲವು ದಿನ ಕೆಲಸವೇ ಇರುವುದಿಲ್ಲ. ಇದಕ್ಕೆ 400 ಗಂಟೆ ಕಳೆದರೆ ಉಳಿಯುವುದು 2,000. ಜಾಬ್ ಸೆಟ್ ಮಾಡುವ ಸಮಯವೂ ಇದರೊಳಗೇ ಬಂತು.

ಇನ್ನು ಸವಕಳಿ. ಲೇತಿನ ಬೆಲೆ 6 ಲಕ್ಷ, ಹತ್ತು ವರ್ಷದ ನಂತರ ಮಾರಿದರೆ 60 ಸಾವಿರ ಬರುತ್ತದೆ ಎಂದುಕೊಳ್ಳೋಣ. ನಡುವಿನ 5,40,000 ರೂಪಾಯಿ ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 54,000, ಗಂಟೆಗೆ 27 ರೂಪಾಯಿ. ಆದಾಯ ತೆರಿಗೆಗೆ ಆಡಿಟರು ಹಾಕುವ ಸವಕಳಿಯ ಲೆಕ್ಕವೇ ಬೇರೆ. ದರ ಕಟ್ಟುವಾಗ ಅದನ್ನು ತರಬಾರದು.

ಕರೆಂಟಿನ ಲೆಕ್ಕದಲ್ಲಿ ಮೋಟಾರಿನ ಮೇಲೆ ಬರೆದ ಶಕ್ತಿಯನ್ನೇ ಹಿಡಿದರೆ ಖರ್ಚು ಹೆಚ್ಚು ಕಾಣುತ್ತದೆ. 5 ಎಚ್‌ಪಿ ಮೋಟಾರ್ ಎಂದರೆ ಸುಮಾರು 3.7 ಕಿಲೋವಾಟ್ ನಿಜ. ಆದರೆ ಇಡೀ ಗಂಟೆ ಅದು ಪೂರ್ತಿ ಲೋಡಿನಲ್ಲಿ ಎಳೆಯುವುದಿಲ್ಲ. ಗಂಟೆಗೆ ಎರಡೂವರೆ ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 20 ರೂಪಾಯಿ. ಬೆಲ್ಟು, ಬೇರಿಂಗ್, ಗ್ರೀಸು, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ ರಿಪೇರಿಗೆ ವರ್ಷಕ್ಕೆ 24,000 ಇಟ್ಟರೆ ಗಂಟೆಗೆ 12.

ಹೆಚ್ಚು ಜನ ಮರೆಯುವುದು ಟೂಲಿಂಗನ್ನು. 240 ರೂಪಾಯಿಯ ಕಾರ್ಬೈಡ್ ಇನ್ಸರ್ಟಿಗೆ ನಾಲ್ಕು ಮೂಲೆಗಳಿದ್ದರೆ ಒಂದು ಮೂಲೆಯ ಬೆಲೆ 60. ಅದು 40 ನಿಮಿಷ ಲೋಹ ಕತ್ತರಿಸಿ ಸವೆಯುತ್ತದೆ. ಒಂದು ಗಂಟೆಯಲ್ಲಿ ಟೂಲ್ ನಿಜವಾಗಿ ಲೋಹಕ್ಕೆ ತಾಗುವುದು ಅರ್ಧ ಗಂಟೆಯಾದರೆ, ಅಲ್ಲಿಗೆ 45 ರೂಪಾಯಿ ಹೋಯಿತು. ಹೋಲ್ಡರ್, ಡ್ರಿಲ್, ಕೂಲೆಂಟಿಗೆ 11 ಸೇರಿಸಿದರೆ 56. ಸ್ಟೇನ್‌ಲೆಸ್ ಸ್ಟೀಲ್ ಬಂದರೆ ಮೂಲೆ ಬೇಗ ಸವೆಯುವುದರಿಂದ ಟೂಲಿಂಗನ್ನು ಆ ಜಾಬಿಗೇ ಪ್ರತ್ಯೇಕವಾಗಿ ಲೆಕ್ಕ ಹಾಕುವುದು ಒಳ್ಳೆಯದು.

ಈ ನಾಲ್ಕೂ ಸೇರಿ 115 ಆಯಿತು. ಶೆಡ್ಡಿನ ಬಾಡಿಗೆ, ದೀಪ, ವಿಮೆಯಲ್ಲಿ ಈ ಲೇತಿನ ಪಾಲು ವರ್ಷಕ್ಕೆ 40,000 ಎಂದರೆ ಗಂಟೆಗೆ 20, ಒಟ್ಟು 135. ಟರ್ನರ್ ಸಂಬಳ ತಿಂಗಳಿಗೆ 20,000, ವರ್ಷಕ್ಕೆ 2,40,000, ಗಂಟೆಗೆ 120. ಅದನ್ನೂ ಕೂಡಿಸಿದರೆ ಪೂರ್ಣ ದರ 255 ರೂಪಾಯಿ.

ಈಗ ಆ ಪಿನ್ನು. 32 ಎಂಎಂ ದಪ್ಪದ ಇಎನ್8 ರಾಡನ್ನು 28 ಎಂಎಂಗೆ ತಿರುಗಿಸಿ 100 ಎಂಎಂ ಉದ್ದಕ್ಕೆ ಕತ್ತರಿಸಬೇಕು. ದಪ್ಪದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ 6.32 ಕಿಲೋ ತೂಕ ಬರುತ್ತದೆ. ಕಟಿಂಗ್, ಫೇಸಿಂಗಿಗೆ 5 ಎಂಎಂ ಸೇರಿಸಿ, ಕೊನೆಯ ತುಂಡೂ ಹಿಡಿದು 50 ಪೀಸಿಗೆ 34 ಕಿಲೋ ಬೇಕು. ಕಿಲೋಗೆ 80ರಂತೆ 2,720 ರೂಪಾಯಿ. ಚಿಪ್ಸ್ ಸುಮಾರು 9 ಕಿಲೋ ಗುಜರಿಗೆ ಹೋಗಿ 270 ವಾಪಸ್ ಬಂದರೆ ಮಾಲಿನ ಖರ್ಚು 2,450. ಸೆಟ್ಟಿಂಗಿಗೆ ಒಂದು ಗಂಟೆ, ಪೀಸಿಗೆ 12 ನಿಮಿಷದಂತೆ ಹತ್ತು ಗಂಟೆ. ಹನ್ನೊಂದು ಗಂಟೆಗೆ 2,805. ಒಟ್ಟು 5,255. ಶೇ 15 ಲಾಭ ಸೇರಿಸಿದರೆ 6,043, ಅಂದರೆ ಪೀಸಿಗೆ 121. ಜಿಎಸ್‌ಟಿ ಬೇರೆ.

ಅದೇ ಗಿರಾಕಿ ಐದೇ ಪೀಸು ಕೇಳಿದರೆ? ಸೆಟ್ಟಿಂಗಿನ ಒಂದು ಗಂಟೆ ಕಡಿಮೆಯಾಗುವುದಿಲ್ಲ. ಪೀಸಿಗೆ 56 ರೂಪಾಯಿ ಇದ್ದ ಲೇತಿನ ಖರ್ಚು 102ಕ್ಕೆ ಏರುತ್ತದೆ. ಆಗಲೂ 121ಕ್ಕೇ ಒಪ್ಪಿದರೆ ಕೈಯಿಂದ ಹಾಕಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಆ 2,000 ಗಂಟೆಯಲ್ಲಿದೆ. ಆರ್ಡರ್ ಇಲ್ಲದೆ ಲೇತ್ 1,000 ಗಂಟೆ ಮಾತ್ರ ಓಡಿತು ಎನ್ನಿ. ಸವಕಳಿ, ಬಾಡಿಗೆ, ಸಂಬಳ ಮೂರೂ ಗಂಟೆಗೆ ಇಮ್ಮಡಿಯಾಗಿ ದರ 422ಕ್ಕೆ ಮುಟ್ಟುತ್ತದೆ. ಅದೇ 50 ಪಿನ್ನಿಗೆ ಖರ್ಚು 7,092. 6,043ಕ್ಕೆ ಒಪ್ಪಿಕೊಂಡವರಿಗೆ 1,049 ನಷ್ಟ. ಬಿಲ್ ಪಾಸಾಗಿ ಹಣ ಬಂದಿರುವುದರಿಂದ ಇದು ಕಣ್ಣಿಗೆ ಕಾಣುವುದಿಲ್ಲ. ಲೇತ್ ಬದಲಿಸುವ ಕಾಲಕ್ಕೆ ಸವಕಳಿಯ ದುಡ್ಡು ಉಳಿದಿಲ್ಲದಾಗ ಗೊತ್ತಾಗುತ್ತದೆ.

ಆದ್ದರಿಂದ ಲೇತಿನ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ, ಓಡಿದ ಗಂಟೆ, ನಿಂತ ಗಂಟೆ, ನಿಂತ ಕಾರಣ ಬರೆಸಿ. ಮೂರು ತಿಂಗಳಿಗೊಮ್ಮೆ ಅದನ್ನು ನೋಡಿ ದರ ತಿದ್ದಿಕೊಳ್ಳಿ. ಇಲ್ಲಿರುವ ಬೆಲೆಗಳು ಮಾದರಿಗಷ್ಟೆ. ನಿಮ್ಮ ಬಿಲ್ಲುಗಳಲ್ಲಿರುವುದನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ.